ಹರಸುವ ಮಾತಿಗೆ ಎಷ್ಟು ಒಡವೆ?

ಶುಭಾಶಯವನ್ನು ಅಂಕಿ ಹೇಳಿ ಕಳುಹಿಸುತ್ತಿದ್ದ ಕಾಲವೊಂದಿತ್ತು. ತಂತಿ ಕಚೇರಿಯಲ್ಲಿ ಒಂದು ಪಟ್ಟಿ ಇರುತ್ತಿತ್ತು. ಮದುವೆಗೆ ಇಂಥ ವಾಕ್ಯ, ಹಬ್ಬಕ್ಕೆ ಇಂಥ ವಾಕ್ಯ ಎಂದು ಸಿದ್ಧಪಡಿಸಿದ ಹರಕೆಯ ಮಾತುಗಳಿಗೆ ಅಲ್ಲಿ ಒಂದೊಂದು ಸಂಖ್ಯೆ. ಕಳುಹಿಸುವವರು ವಿಳಾಸದೊಡನೆ ಸಂಖ್ಯೆಯನ್ನು ಬರೆದುಕೊಟ್ಟರಾಯಿತು. ಅತ್ತ ಕಡೆಯ ಕಚೇರಿಯಲ್ಲಿ ಆ ಸಂಖ್ಯೆ ಮತ್ತೆ ವಾಕ್ಯವಾಗಿ ಮನೆಬಾಗಿಲಿಗೆ ಬರುತ್ತಿತ್ತು. 2013ರ ಜುಲೈ ತಿಂಗಳಲ್ಲಿ ಭಾರತದ ತಂತಿ ಸೇವೆಯೇ ನಿಂತುಹೋಯಿತು. ಆದರೆ ಅದು ನಡೆಯುತ್ತಿದ್ದಷ್ಟು ಕಾಲವೂ, ಪರರು ರಚಿಸಿದ ವಾಕ್ಯವನ್ನು ಕಳುಹಿಸಿದರೆಂದು ಯಾರೂ ಕೊರಗಿದಂತೆ ಕಾಣುವುದಿಲ್ಲ.

ಅದಕ್ಕೆ ಕಾರಣವುಂಟು. ಮಾತು ಸಿದ್ಧಪಡಿಸಿದ್ದಾದರೂ ಅದನ್ನು ಕಳುಹಿಸುವ ಶ್ರಮ ಸ್ವಂತದ್ದಾಗಿತ್ತು. ಪೇಟೆಗೆ ನಡೆದು, ಸಾಲಿನಲ್ಲಿ ನಿಂತು, ಹಣ ತೆತ್ತು ಕಳುಹಿಸಿದ್ದು ಅದು. ಮಲೆನಾಡಿನಲ್ಲಾದರೆ ಅದನ್ನು ಹಿಡಿದು ಬರುವವನು ಮಳೆಯಲ್ಲಿ ಕಾಲುಸಂಕ ದಾಟಿ ತೋಟದ ಮನೆಯನ್ನು ಹುಡುಕಿಕೊಂಡು ಬರಬೇಕಾಗಿತ್ತು. ವಾಕ್ಯ ಹೇಳದಿದ್ದುದನ್ನು ಆ ದಾರಿ ಹೇಳುತ್ತಿತ್ತು. ಇಂದು ಬೆರಳ ತುದಿಯ ಒಂದು ಸ್ಪರ್ಶಕ್ಕೆ ಗುಲಾಬಿ ಹೂಗಳು ಅರಳುತ್ತವೆ, ಬಣ್ಣದ ಕಾಗದದ ಚೂರುಗಳು ಸಿಡಿಯುತ್ತವೆ, ಕೇಕಿನ ಮೇಲೆ ಮೇಣದಬತ್ತಿ ಉರಿಯುತ್ತದೆ. ಹಣವೂ ಇಲ್ಲ, ದಾರಿಯೂ ಇಲ್ಲ. ಹಾಗಾದರೆ ಈ ಒಡವೆಗಳು ಹರಕೆಯ ಮಾತಿಗೆ ಯಾವಾಗ ಶೋಭೆ ತರುತ್ತವೆ, ಯಾವಾಗ ಅದನ್ನು ಹಗುರಗೊಳಿಸುತ್ತವೆ? ಪ್ರಶ್ನೆ ಸಣ್ಣದು, ಆದರೆ ವರ್ಷಕ್ಕೊಮ್ಮೆ ಬರುವ ಆ ಒಂದು ದಿನ ಸಂದೇಶವನ್ನು ಓದುವವರ ಪಾಲಿಗೆ ಅಷ್ಟು ಸಣ್ಣದಲ್ಲ.

ಚಿಕ್ಕಮಗಳೂರು ಜಿಲ್ಲೆಯ ಕೊಪ್ಪ ತಾಲ್ಲೂಕಿನ ಕಮ್ಮರಡಿಯ ಸುತ್ತಿನ ಊರುಗಳನ್ನು ನೆನೆಯಿರಿ. ಅಡಿಕೆ ತೋಟಗಳ ಮಗ್ಗುಲಲ್ಲಿ ಒಂದೊಂದು ಮನೆ. ಒಂದು ಮನೆಯ ದೀಪ ಇನ್ನೊಂದಕ್ಕೆ ಕಾಣದಷ್ಟು ದೂರ. ಮಕ್ಕಳು ಬೆಂಗಳೂರಿನಲ್ಲಿ, ಕೆಲವರು ಕಡಲಾಚೆ. ಹಿಂದೆ ಹಜಾರದಲ್ಲಿ ಸೇರುತ್ತಿದ್ದ ಕುಟುಂಬ ಈಗ ವಾಟ್ಸಾಪಿನ ಒಂದು ಬಳಗದಲ್ಲಿ ಸೇರುತ್ತದೆ. ಆಷಾಢದ ಮಳೆಗೆ ವಿದ್ಯುತ್ತು ಹೋದರೆ ಸಂಪರ್ಕವೂ ಹೋಗುತ್ತದೆ. ಜಗಲಿಯ ಯಾವುದೋ ಒಂದು ಮೂಲೆಯಲ್ಲಿ ನಿಂತರೆ ಸಿಗ್ನಲ್ಲು ಸಿಕ್ಕುತ್ತದೆ. ಎರಡು ಹೆಜ್ಜೆ ಒಳಗೆ ಬಂದರೆ ಇಲ್ಲ. ಇಂಥ ಮನೆಯಲ್ಲಿ ಹುಟ್ಟಿದ ದಿನದ ಸಂದೇಶಗಳು ಒಂದೊಂದಾಗಿ ಬರುವುದಿಲ್ಲ. ಬೆಳಗಿನಿಂದ ಎಲ್ಲಿಯೋ ಕಾದು ನಿಂತಿದ್ದು, ಹಿರಿಯರು ಆ ಮೂಲೆಗೆ ಬಂದ ಕ್ಷಣದಲ್ಲಿ ಒಟ್ಟಿಗೆ ಸುರಿಯುತ್ತವೆ. ಮೂವತ್ತು ಜನರ ಹೂಗುಚ್ಛಗಳ ನಡುವೆ ಯಾರು ಏನು ಹೇಳಿದರೆಂಬುದನ್ನು ಹುಡುಕಬೇಕಾಗುತ್ತದೆ.

ಮೊದಲು ಮಾತನ್ನೇ ನೋಡೋಣ; ಒಡವೆಯ ವಿಚಾರ ಆಮೇಲೆ. ‘ಹುಟ್ಟುಹಬ್ಬದ ಹಾರ್ದಿಕ ಶುಭಾಶಯಗಳು’ ಎಂಬುದು ಎಲ್ಲರಿಗೂ ಬಾಯಿಪಾಠವಾದ ಸಾಲು. ವ್ಯಾಕರಣದ ಕಣ್ಣಿನಿಂದ ನೋಡಿದರೆ ಅದರಲ್ಲಿ ಕರ್ತೃವಿಲ್ಲ, ಕ್ರಿಯಾಪದವಿಲ್ಲ, ಯಾರಿಗೆ ಎಂಬ ಚತುರ್ಥೀ ವಿಭಕ್ತಿಯೂ ಇಲ್ಲ. ಅಂಗಡಿಯ ಮುಂದಿನ ಹಲಗೆಯಂತೆ ಅದೊಂದು ಹೆಸರು ಮಾತ್ರ. ನಮ್ಮ ಹಳೆಯ ಕಾಗದಗಳ ಒಕ್ಕಣೆಯೂ ಸಿದ್ಧ ಒಕ್ಕಣೆಯೇ ಸರಿ. ಆದರೂ ‘ತೀರ್ಥರೂಪರವರಿಗೆ ನಿಮ್ಮ ಮಗನು ಮಾಡುವ ಸಾಷ್ಟಾಂಗ ನಮಸ್ಕಾರಗಳು’ ಎಂಬಲ್ಲಿ ಯಾರಿಗೆ, ಯಾರು, ಏನು ಮಾಡುತ್ತಿದ್ದಾರೆ ಎಂಬ ಮೂರೂ ಇದ್ದವು. ಓದುವ ತಂದೆಗೆ ಮಗ ಬಗ್ಗಿದ್ದು ಕಾಣುತ್ತಿತ್ತು. ಇಂದಿನ ಸಾಲಿನಲ್ಲಿ ಆ ಮೂರೂ ಬರಿದಾಗಿರುವುದರಿಂದಲೇ ಬರೆಯುವವರ ಕೈ ಉದ್ಗಾರ ಚಿಹ್ನೆಯ ಕಡೆಗೆ ಓಡುತ್ತದೆ. ಕ್ರಿಯಾಪದವಿಲ್ಲದ ಕೊರತೆಯನ್ನು ಮೂರು ಚಿಹ್ನೆ, ಐದು ಕೇಕು ತುಂಬಲು ಹೊರಡುತ್ತವೆ, ಆದರೆ ತುಂಬಲಾರವು. ಚಿತ್ರವು ಮಾತಿನ ಸ್ವರವನ್ನು ತಿದ್ದಬಲ್ಲದು, ಒಂದು ಸನ್ನೆಯನ್ನು ಸೂಚಿಸಬಲ್ಲದು. ಹೇಳದೆ ಉಳಿದ ಮಾತನ್ನು ಹೇಳಲಾರದು. ಈ ಪ್ರಬಂಧದ ತಿರುಳೆಲ್ಲ ಇಷ್ಟೆ. ಉಳಿದುದು ಅದರ ವಿವರ.

ಉದ್ಗಾರ ಚಿಹ್ನೆಯಾದರೂ ಕನ್ನಡಕ್ಕೆ ಹೊಸ ನೆಂಟ. ಓಲೆಗರಿಯ ಕಾಲದಲ್ಲಿ ವಾಕ್ಯ ನಿಲ್ಲಿಸಲು ಒಂದು ಗೆರೆ, ಪದ್ಯ ಮುಗಿಸಲು ಎರಡು ಗೆರೆ. ಅಷ್ಟರಲ್ಲೇ ಕವಿಗಳು ಅಳಿಸಿದರು, ನಗಿಸಿದರು. ಇಂದಿನ ಚಿಹ್ನೆಗಳು ಹತ್ತೊಂಬತ್ತನೆಯ ಶತಮಾನದ ಅಚ್ಚಿನ ಮೊಳೆಗಳೊಡನೆ ರೂಢಿಗೆ ಬಂದವು. ಅವಿಲ್ಲದೆ ಭಾಷೆ ಹೇಗೆ ನಡೆಯಿತು ಎಂದರೆ, ಭಾವವನ್ನು ಹೊರುವ ಸಲಕರಣೆ ಕನ್ನಡದ ಪದಗಳ ಒಳಗೇ ಇತ್ತು, ಈಗಲೂ ಇದೆ. ‘ಅಬ್ಬ’, ‘ಭಲೆ’, ‘ಅಯ್ಯೋ’ ಎಂಬ ಅವ್ಯಯಗಳು. ‘ನೀನೇ’, ‘ಇವತ್ತೇ’ ಎಂಬಲ್ಲಿಯ ಏಕಾರ. ‘ಬಂದೆಯಲ್ಲ’ ಎಂಬಲ್ಲಿಯ ‘ಅಲ್ಲ’. ಕರೆಯುವಾಗ ಉದ್ದವಾಗುವ ಕೊನೆಯ ಸ್ವರ. ‘ದೊಡ್ಡಮ್ಮಾ’ ಎಂದು ಬರೆದೊಡನೆ ಅಂಗಳದಿಂದ ಕೂಗಿದ ದನಿ ಕೇಳಿಸುತ್ತದೆ. ಅದರ ಮುಂದೆ ಐದು ಉದ್ಗಾರ ಚಿಹ್ನೆಗಳನ್ನು ನಿಲ್ಲಿಸಿದರೆ ಕೂಗಿದವರೇ ಇನ್ನೂ ಐದು ಸಲ ಕಿವಿಯ ಬಳಿ ಬಂದು ಕೂಗಿದಂತೆ.

ಇನ್ನೊಂದು ಸೂಕ್ಷ್ಮವೂ ಇದೆ. ಹಿರಿಯರು ಶಾಲೆಯಲ್ಲಿ ಈ ಚಿಹ್ನೆಯನ್ನು ‘ಆಶ್ಚರ್ಯಸೂಚಕ’ ಎಂಬ ಹೆಸರಿನಲ್ಲಿ ಕಲಿತವರು. ‘ನಿಮಗೆ ಎಂಬತ್ತು ತುಂಬಿತು!’ ಎಂದು ಬರೆದರೆ ಬರೆದವರ ಮನಸ್ಸಿನಲ್ಲಿ ಇರುವುದು ಸಂತೋಷ. ಓದುವವರಿಗೆ ಕಾಣುವುದು ಆಶ್ಚರ್ಯ. ಇಷ್ಟು ದಿನ ಇದ್ದೀರಲ್ಲ ಎಂಬ ಬೆರಗೋ ಎಂದು ಅಜ್ಜ ನಕ್ಕರೆ ತಪ್ಪೇನು? ಕಿರಿಯರ ಕಣ್ಣು ಇದಕ್ಕೆ ತೀರ ವಿರುದ್ಧ. 2015ರಲ್ಲಿ ಅಮೆರಿಕದ ಬಿಂಗ್‌ಹ್ಯಾಮ್‌ಟನ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞರು ಕಾಲೇಜು ವಿದ್ಯಾರ್ಥಿಗಳಿಗೆ ಮೊಬೈಲಿನ ಸಣ್ಣ ಸಣ್ಣ ಉತ್ತರಗಳನ್ನು ಓದಲು ಕೊಟ್ಟರು. ಒಂದೇ ಪದದ ಉತ್ತರ ಪೂರ್ಣವಿರಾಮದಿಂದ ಮುಗಿದಾಗ, ವಿರಾಮವಿಲ್ಲದ ಅದೇ ಉತ್ತರಕ್ಕಿಂತ ಕಡಮೆ ಮನಃಪೂರ್ವಕವಾದುದೆಂದು ಅವರಿಗೆ ತೋರಿತು. ಕೈಬರಹದ ಚೀಟಿಯಲ್ಲಿ ಆ ಭೇದ ಕಾಣಲಿಲ್ಲ. ಎಂದರೆ, ಇಪ್ಪತ್ತರ ಹುಡುಗಿಗೆ ‘ಸಂತೋಷ.’ ಎಂಬ ಉತ್ತರ ತಣ್ಣಗೆ ಕಾಣಬಹುದು, ‘ಸಂತೋಷ!’ ಎಂಬುದು ಬೆಚ್ಚಗೆ. ಅವಳ ಅಜ್ಜನಿಗೆ ಮೊದಲನೆಯದು ಸಭ್ಯ, ಎರಡನೆಯದು ಗಟ್ಟಿದನಿ. ಆದಕಾರಣ ಚಿಹ್ನೆ ಬೇಕೇ ಬೇಡವೇ ಎಂಬುದನ್ನು ತೀರ್ಮಾನಿಸಬೇಕಾದುದು ಬರೆಯುವವರ ಉತ್ಸಾಹವಲ್ಲ, ಓದುವವರ ಅಭ್ಯಾಸ. ಗೆಳತಿಗೆ ಒಂದು ಇರಲಿ. ಹಿರಿಯರಿಗೆ ವಾಕ್ಯವೇ ಸಾಕು.

ಇನ್ನು ಇಮೋಜಿ. ಈ ಪದ ಜಪಾನಿನದು: ‘ಎ’ ಎಂದರೆ ಚಿತ್ರ, ‘ಮೋಜಿ’ ಎಂದರೆ ಅಕ್ಷರ. 1999ರಲ್ಲಿ ಅಲ್ಲಿಯ ದೂರವಾಣಿ ಸಂಸ್ಥೆ ಡೊಕೊಮೊಗಾಗಿ ಶಿಗೆತಾಕ ಕುರಿತ ಎಂಬವರು 176 ಪುಟ್ಟ ಚಿತ್ರಗಳನ್ನು ರೂಪಿಸಿದರು. ಉದ್ದಕ್ಕೆ ಹನ್ನೆರಡು, ಅಗಲಕ್ಕೆ ಹನ್ನೆರಡು ಚುಕ್ಕಿಗಳ ಚೌಕದಲ್ಲಿ ಹೃದಯ, ಕೊಡೆ, ಸೂರ್ಯ. 2010ರಲ್ಲಿ ಇಂಥ ನೂರಾರು ಚಿತ್ರಗಳು ಯೂನಿಕೋಡ್ ಎಂಬ ಜಾಗತಿಕ ಅಕ್ಷರಪಟ್ಟಿಗೆ ಸೇರಿದ ಮೇಲೆ ಎಲ್ಲ ದೇಶಗಳ ಫೋನುಗಳಿಗೂ ಬಂದವು. ಅವು ಹುಟ್ಟಿದ್ದು ಮಾತನ್ನು ಓಡಿಸುವುದಕ್ಕಲ್ಲ. ಎದುರಿಗಿದ್ದರೆ ಮುಖ, ಕೈಗಳು ಮಾಡುತ್ತಿದ್ದ ಕೆಲಸವನ್ನು ದೂರದಿಂದ ಮಾಡುವುದಕ್ಕೆ. ಈ ಮಿತಿಯೊಳಗೆ ಅವು ನಿಜವಾಗಿಯೂ ಉಪಕಾರಿಗಳು. ಮಿತಿ ಮೀರಿದಾಗ ಏನಾಗುತ್ತದೆ ಎಂಬುದನ್ನು ಒಂದು ಉದಾಹರಣೆಯಿಂದ ನೋಡಬಹುದು.

ಕಮ್ಮರಡಿಯ ಕಡೆಯ ಒಂದು ತೋಟದ ಮನೆಯನ್ನು ಊಹಿಸಿಕೊಳ್ಳಿ. ಮನೆಯಾಕೆಗೆ ಜುಲೈ ತಿಂಗಳ ಒಂದು ದಿನ ಎಪ್ಪತ್ತು ತುಂಬುತ್ತದೆ. ಎಂಟು ತಿಂಗಳ ಹಿಂದೆ ಯಜಮಾನರು ತೀರಿಕೊಂಡಿದ್ದಾರೆ. ಬೆಂಗಳೂರಿನಲ್ಲಿರುವ ತಂಗಿಯ ಮಗಳಿಗೆ ಆಕೆ ದೊಡ್ಡಮ್ಮ. ರಜೆಯಲ್ಲೆಲ್ಲ ಆ ಮನೆಯಲ್ಲೇ ಬೆಳೆದವಳು, ಪ್ರೀತಿಗೇನೂ ಕೊರತೆಯಿಲ್ಲ. ಕಚೇರಿಗೆ ಹೊರಡುವ ಅವಸರದಲ್ಲಿ ಅವಳ ಬೆರಳು ಹೀಗೆ ಬರೆಯುತ್ತದೆ:

ಹ್ಯಾಪಿ ಬರ್ತ್‌ಡೇ ದೊಡ್ಡಮ್ಮಾ!!!!! 🎂🎂🎂🎉🎉😂😂💐🙏

ಕಳುಹಿಸುವ ಮುನ್ನ ಅವಳು ಒಂದು ಗಳಿಗೆ ನಿಂತಳೆಂದು ತಿಳಿಯೋಣ. ಒಂಬತ್ತು ಚಿತ್ರಗಳು. ಒಂದೊಂದನ್ನೂ ದೊಡ್ಡಮ್ಮನ ಕಣ್ಣಿನಿಂದ ನೋಡಬೇಕು.

ಮೊದಲನೆಯದು ಕೇಕು. ಆ ಚಿತ್ರದಲ್ಲಿ ಮೇಣದಬತ್ತಿಗಳು ಉರಿಯುತ್ತಿವೆ. ಊದಿ ಆರಿಸುವುದಕ್ಕಾಗಿಯೇ ಹಚ್ಚಿದವು. ಮಕ್ಕಳಿಗೆ ಅದೊಂದು ಆಟ. ಐದು ವರ್ಷದ ಮೊಮ್ಮಗನಿಗಾದರೆ ಮೂರರ ಬದಲು ಆರು ಕಳುಹಿಸಿದರೂ ಅಂದವೇ. ಆದರೆ ದೀಪ ‘ಆರಿಸು’ ಎನ್ನಲು ಕೂಡ ನಾಲಗೆ ಹಿಂಜರಿದು, ‘ದೀಪ ದೊಡ್ಡದು ಮಾಡು’ ಎನ್ನುವ ಹಿರಿಯರು ಇದ್ದ ನಾಡು ಇದು. ಅಂಥ ಮನೆಯ ಹಿರಿಯರಿಗೆ, ಅದರಲ್ಲಿಯೂ ಈ ವರ್ಷ, ಆ ಚಿತ್ರ ಬೇಕಾಗಿಲ್ಲ. ಸಿಡಿಯುವ ಬಣ್ಣದ ಕಾಗದ ಇನ್ನೂ ಬೇಡ. ವರ್ಷಾಂತಿಕವಾಗದ ಮನೆಯಲ್ಲಿ ಹಬ್ಬವಿಲ್ಲ. ಹಾಗೆ ನೋಡಿದರೆ ‘ಹುಟ್ಟುಹಬ್ಬ’ ಎಂಬ ಪದದೊಳಗೇ ಹಬ್ಬ ಕುಳಿತಿದೆ; ‘ಎಪ್ಪತ್ತು ತುಂಬಿದ ದಿನ’ ಎಂದರೆ ವಿಷಯವೂ ಉಳಿಯಿತು, ನೋವೂ ತಪ್ಪಿತು.

ಮೂರನೆಯದು ಕಣ್ಣೀರು ಸುರಿಸುವ ಮುಖ. ಅದು ನಕ್ಕು ನಕ್ಕು ಬಂದ ಕಣ್ಣೀರೆಂದು ಹುಡುಗಿಗೆ ಗೊತ್ತು. ಆಕ್ಸ್‌ಫರ್ಡ್ ನಿಘಂಟಿನವರು 2015ರ ವರ್ಷದ ಪದವೆಂದು ಆರಿಸಿದ್ದು ಇದೇ ಚಿತ್ರವನ್ನು. ಆದರೆ ಕನ್ನಡಕ ಹುಡುಕುತ್ತ ಜಗಲಿಯಲ್ಲಿ ನಿಂತವರಿಗೆ ಅಷ್ಟು ಚಿಕ್ಕ ಚಿತ್ರದಲ್ಲಿ ಎದ್ದು ಕಾಣುವುದು ಎರಡು ಹನಿ ನೀರು ಮಾತ್ರ. ಹುಡುಗಿ ಏಕೆ ಅಳುತ್ತಿದ್ದಾಳೆ ಎಂದು ಆಕೆ ಗಾಬರಿಗೊಂಡು ಮರುದೂರವಾಣಿ ಮಾಡಿದರೆ ಅಚ್ಚರಿಯಿಲ್ಲ. ಇದೇ ಭ್ರಮೆ ಎದುರು ದಿಕ್ಕಿನಲ್ಲಿಯೂ ನಡೆಯುತ್ತದೆ: ದುಃಖ ಸೂಚಿಸಲೆಂದು ಹಿರಿಯರು ಸಾವಿನ ಸುದ್ದಿಗೆ ಇದೇ ನಗುಮುಖವನ್ನು ಒತ್ತಿ, ಆಮೇಲೆ ಪೇಚಾಡುವುದುಂಟು.

ಉಳಿದವು ಹೂಗುಚ್ಛ ಮತ್ತು ಜೋಡಿಸಿದ ಕೈ. ಇವೆರಡೂ ಸಭ್ಯವಾದವು, ಯಾರಿಗೂ ಸಲ್ಲುವಂಥವು. ತೊಡಕು ಇರುವುದೂ ಅಲ್ಲಿಯೇ. ಎಂಟು ತಿಂಗಳ ಹಿಂದೆ ಯಜಮಾನರು ತೀರಿಕೊಂಡ ದಿನ ಇದೇ ಬಳಗದಲ್ಲಿ ‘ಓಂ ಶಾಂತಿ’ಯ ಕೆಳಗೆ ಸಾಲುಸಾಲಾಗಿ ಬಂದದ್ದು ಇದೇ 💐, ಇದೇ 🙏. ಆ ಪುಟ ಆಕೆಯ ಫೋನಿನಲ್ಲಿ ಇನ್ನೂ ಇದೆ. ಕೆಲವು ಸಂಜೆ ಬೆರಳಿಂದ ಮೇಲೆ ಸರಿಸಿ ಆಕೆ ಅದನ್ನು ನೋಡುತ್ತಾರೆ. ಈಗ ಅದೇ ಚಿತ್ರಗಳು ಮಾತಿಲ್ಲದೆ ಒಂಟಿಯಾಗಿ ಬಂದರೆ ಯಾವ ದಿನದ ನೆನಪು ತರುತ್ತವೆ ಎಂಬುದನ್ನು ಹೇಳಬೇಕಾಗಿಲ್ಲ. ಹೂಗುಚ್ಛವನ್ನು ಬಿಡಬಹುದು. ಆದರೆ ಕೈಜೋಡಿಸುವುದು ಈ ದಿನದ ನಿಜವಾದ ಸನ್ನೆ: ಎದುರಿಗಿದ್ದರೆ ಹುಡುಗಿ ಬಗ್ಗಿ ನಮಸ್ಕರಿಸುತ್ತಿದ್ದಳು, ದೊಡ್ಡಮ್ಮ ತಲೆಯ ಮೇಲೆ ಕೈಯಿಟ್ಟು ಹರಸುತ್ತಿದ್ದರು. ಅದನ್ನು ಉಳಿಸಿಕೊಳ್ಳುವ ಉಪಾಯ ಸುಲಭ. ಪಕ್ಕದಲ್ಲಿ ‘ನಮಸ್ಕಾರ’ ಎಂಬ ಪದವಿದ್ದರೆ ಚಿತ್ರದ ಅರ್ಥ ಅಲುಗಾಡುವುದಿಲ್ಲ. ಎರಡರ್ಥದ ಚಿತ್ರವನ್ನು ಒಂದರ್ಥಕ್ಕೆ ಕಟ್ಟಿಹಾಕುವುದು ಅದರ ಪಕ್ಕದ ಪದ.

ಕೇಕಿನ ಬದಲು ಹಣತೆಯ ಚಿತ್ರ 🪔 ಇಡಬಹುದಲ್ಲ ಎಂದು ಹುಡುಗಿಗೆ ತೋಚುತ್ತದೆ. ಯೋಚನೆ ಒಳ್ಳೆಯದು. ಆದರೆ ಹಣತೆ ಆ ಪಟ್ಟಿಗೆ ಸೇರಿದ್ದು 2019ರಲ್ಲಿ. ಅದಕ್ಕಿಂತ ಹಳೆಯ ಫೋನಿನಲ್ಲಿ ಅದು ಖಾಲಿ ಚೌಕವಾಗಿ ಕಾಣಬಹುದು. ವಾಟ್ಸಾಪ್ ತನ್ನ ಚಿತ್ರಗಳನ್ನು ತಾನೇ ಹೊತ್ತು ತರುವುದರಿಂದ ಅದರೊಳಗೆ ಸರಿಯಾಗಿ ತೋರೀತು; ಎಸ್ಸೆಮ್ಮೆಸ್ಸಿನಲ್ಲಿ ಆ ಭರವಸೆಯಿಲ್ಲ. ಮಳೆಗಾಲದಲ್ಲಿ ಇಂಟರ್ನೆಟ್ಟು ತಲಪದ ಮನೆಗೆ ಅನೇಕ ವೇಳೆ ತಲಪುವುದು ಎಸ್ಸೆಮ್ಮೆಸ್ಸೇ. ಅಲ್ಲಿ ಇನ್ನೊಂದು ಲೆಕ್ಕವೂ ಇದೆ. ಕನ್ನಡದ ಒಂದು ಎಸ್ಸೆಮ್ಮೆಸ್ಸಿಗೆ 70 ಸ್ಥಾನಗಳು ಮಾತ್ರ; ಒತ್ತು, ಸ್ವರಚಿಹ್ನೆಗಳಿಗೂ ಬೇರೆ ಬೇರೆ ಸ್ಥಾನ. ‘ದೊಡ್ಡಮ್ಮ’ ಎಂಬ ಪದಕ್ಕೆ 8 ಸ್ಥಾನ ಬೇಕು. ಕೇಕಿನಂಥ ಒಂದು ಇಮೋಜಿಗೆ 2. ನಾಲ್ಕು ಕೇಕುಗಳ ಬೆಲೆಗೆ ಒಂದು ‘ದೊಡ್ಡಮ್ಮ’ ಸಿಕ್ಕುತ್ತದೆ ಎಂದಾಯಿತು. ಹುಡುಗಿಯ ಒಂಬತ್ತು ಚಿತ್ರಗಳು 18 ಸ್ಥಾನಗಳನ್ನು ನುಂಗುತ್ತವೆ.

ಇಷ್ಟಾದ ಮೇಲೆ ಅವಳು ಎರಡು ಸಂದೇಶ ಬರೆಯುತ್ತಾಳೆ. ಬಳಗಕ್ಕೆ, ಎಲ್ಲರೂ ನೋಡುವಂಥದು: ‘ಇಂದು ದೊಡ್ಡಮ್ಮನಿಗೆ ಎಪ್ಪತ್ತು ತುಂಬಿತು. ಬೆಂಗಳೂರಿನಿಂದ ನಾವೆಲ್ಲರೂ ನಮಸ್ಕರಿಸುತ್ತೇವೆ 🙏’. ಇನ್ನೊಂದು ದೊಡ್ಡಮ್ಮನೊಬ್ಬರಿಗೇ:

ದೊಡ್ಡಮ್ಮ, ದೊಡ್ಡಪ್ಪ ಇಲ್ಲದೆ ಈ ದಿನ ನಿಮಗೆ ಹೇಗೆ ಕಳೆಯುತ್ತದೋ ಎಂದು ಬೆಳಗಿನಿಂದ ಅದೇ ಯೋಚನೆ. ನೀವು ಕಳುಹಿಸಿದ ಅಪ್ಪೆಮಿಡಿಯ ಭರಣಿ ಇವತ್ತೇ ತೆರೆದೆವು. ಶ್ರಾವಣದಲ್ಲಿ ಬಂದು ನಾಲ್ಕು ದಿನ ನಿಮ್ಮ ಜೊತೆ ಇರುತ್ತೇನೆ. ತೋಟಕ್ಕೆ ಈ ಸಲ ಕೊಳೆ ಬಾರದಿರಲಿ.

ಇದರಲ್ಲಿ ಚಿತ್ರವಿಲ್ಲ, ಉದ್ಗಾರವಿಲ್ಲ. ಹರಕೆಯ ಮಾಮೂಲು ಪದವೂ ಇಲ್ಲ. ಆದರೆ ಕ್ರಿಯಾಪದಗಳಿವೆ: ಒಬ್ಬಳು ಯೋಚಿಸಿದ್ದಾಳೆ, ಭರಣಿ ತೆರೆದಿದ್ದಾಳೆ, ಬರುತ್ತೇನೆ ಎಂದಿದ್ದಾಳೆ. ಕೊನೆಯ ಸಾಲಂತೂ ಆ ಸೀಮೆಯಲ್ಲಿ ಯಾವ ಆಶೀರ್ವಾದಕ್ಕೂ ಕಡಮೆಯಲ್ಲ. ಬಿಡದೆ ಸುರಿಯುವ ಮಳೆಗೆ ಅಡಿಕೆಯ ಎಳೆಕಾಯಿ ಕೊಳೆತು ಉದುರಿದರೆ ಆ ಮನೆಯ ವರ್ಷದ ಅನ್ನವೇ ಉದುರಿದಂತೆ. ಇಲ್ಲಿ ಒಂದು ಚಿತ್ರ ಸೇರಿಸಿದ್ದರೆ ತಪ್ಪಾಗುತ್ತಿರಲಿಲ್ಲ. ಸೇರಿಸದಿದ್ದರೂ ಏನೂ ಕೊರೆಯಾಗಲಿಲ್ಲ. ಒಡವೆ ತಕ್ಕದ್ದೋ ಅಲ್ಲವೋ ಎಂದು ಪರೀಕ್ಷಿಸುವ ರೀತಿಯೇ ಇದು. ಚಿತ್ರಗಳನ್ನೆಲ್ಲ ಒಮ್ಮೆ ಅಳಿಸಿ ನೋಡಬೇಕು. ಆಗಲೂ ಮಾತು ನಿಂತರೆ, ಒಂದನ್ನು ಮರಳಿ ತೊಡಿಸಬಹುದು. ಅಳಿಸಿದೊಡನೆ ಏನೂ ಉಳಿಯದಿದ್ದರೆ, ಅಲ್ಲಿ ಮೊದಲಿನಿಂದಲೂ ಏನೂ ಇರಲಿಲ್ಲ.

ಹಾಗೆಂದು ಚಿತ್ರವಿಲ್ಲದ ಮಾತೇ ಯಾವಾಗಲೂ ಮೇಲೆಂದು ಹೊರಟರೆ ಅದೂ ಅನ್ಯಾಯ. ಅದೇ ಊರಿನ ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕುಳಿತು ಓದಿದ ಇಬ್ಬರು ಗೆಳೆಯರಿದ್ದಾರೆನ್ನೋಣ. ಒಬ್ಬನಿಗೆ ನಲವತ್ತಾಯಿತು. ಇನ್ನೊಬ್ಬ ಬರೆಯುತ್ತಾನೆ: ‘ನಲವತ್ತಾಯಿತಲ್ಲ ಮಾರಾಯ, ಇನ್ನು ನೀನು ಮರ ಹತ್ತಬೇಡ, ಕೊನೆಗಾರನನ್ನೇ ಕರೆಸು.’ ಎದುರಿಗೆ ಕುಳಿತು ಹೇಳಿದ್ದರೆ ಕಣ್ಣಿನ ತುಂಟತನ ಕಾಣುತ್ತಿತ್ತು, ಬರಹದಲ್ಲಿ ಕಾಣದು. ಅಡಿಕೆ ಕೊಯ್ಲಿಗೆ ಆಳು ಸಿಗದೆ ಬೇಸತ್ತ ಗೆಳೆಯನಿಗೆ ಆ ಮಾತು ಚುಚ್ಚುನುಡಿಯಾಗಿಯೂ ಕೇಳೀತು. ಕೊನೆಯಲ್ಲಿ ಒಂದು 😄 ಇದ್ದರೆ ಆ ಸಂಶಯ ಹರಿಯುತ್ತದೆ. ಇಲ್ಲಿ ಚಿತ್ರ ಅಲಂಕಾರವಲ್ಲ, ಅರ್ಥದ ಭಾಗ. ಅಳಿಸಿದರೆ ಮಾತು ಉಳಿದರೂ ಅದರ ಬಣ್ಣ ಬದಲಾಗುತ್ತದೆ. ಪರಿಹಾಸ್ಯವಿರುವಲ್ಲಿ ಮುಖದ ಚಿತ್ರ ಒಂದಿರಲಿ. ಎರಡನೆಯದು ಮಾತ್ರ ಹೊಸದೇನನ್ನೂ ಹೇಳುವುದಿಲ್ಲ.

ಮಕ್ಕಳ ವಿಷಯವೇ ಬೇರೆ. ಏಳು ವರ್ಷದ ಮೊಮ್ಮಗ ‘ಅಜ್ಜೀ’ ಎಂದು ಬರೆದು ಹನ್ನೆರಡು ಉದ್ಗಾರ ಚಿಹ್ನೆ, ಎರಡು ಆನೆ, ಒಂದು ರೈಲುಗಾಡಿ ಸೇರಿಸಿದರೆ ಅಜ್ಜಿ ಅದನ್ನು ನೆರೆಮನೆಯವರಿಗೂ ತೋರಿಸುತ್ತಾರೆ. ಏಕೆಂದರೆ ಅದು ಅವನ ಮಾತೇ. ಅವನು ಮಾತನಾಡುವುದೂ ಹಾಗೆಯೇ. ಕಡಲಾಚೆ ಹುಟ್ಟಿ ಕನ್ನಡ ಬರೆಯಲು ಬಾರದ ಹುಡುಗಿಗೂ ಚಿತ್ರ ಒಂದು ಆಸರೆ. ಆದರೆ ಅವಳಿಗೆ ಅದಕ್ಕಿಂತ ಒಳ್ಳೆಯ ಸಾಧನವೊಂದಿದೆ: ಹತ್ತು ಕ್ಷಣ ಧ್ವನಿಮುದ್ರಿಸಿ ಕಳುಹಿಸುವುದು. ತೊದಲುಗನ್ನಡದಲ್ಲಿ ‘ಅಜ್ಜಿ, ನಮಸ್ಕಾರ’ ಎಂದದ್ದನ್ನು ಕೇಳುವ ಕಿವಿಗೆ ಚಿತ್ರ ಬೇಕಾಗುವುದಿಲ್ಲ.

ಕಿವಿಯ ಮಾತು ಬಂದಾಗ ಇನ್ನೊಂದನ್ನು ಹೇಳಲೇಬೇಕು. ಕಣ್ಣು ಮಂಜಾದವರು ಕೆಲವರು ಫೋನಿನಲ್ಲಿರುವ ಓದಿಹೇಳುವ ಸೌಲಭ್ಯವನ್ನು ಬಳಸುತ್ತಾರೆ. ಆಂಡ್ರಾಯ್ಡ್ ಫೋನಿನಲ್ಲಿ ಅದರ ಹೆಸರು TalkBack. ಅದು ಅಕ್ಷರಗಳನ್ನು ಓದುವಂತೆ ಚಿತ್ರಗಳ ಹೆಸರನ್ನೂ ಓದುತ್ತದೆ. ಸಂದೇಶದ ಮೊದಲಿಗೇ ಏಳು ಕೇಕುಗಳಿದ್ದರೆ, ಕಳುಹಿಸಿದವರ ಮಾತು ಬರುವ ಮುನ್ನ ಆ ಹಿರಿಯರು ಕೇಕಿನ ಹೆಸರನ್ನು ಕೇಳುತ್ತ ಕಾಯಬೇಕಾದೀತು. ಕಣ್ಣು ಚೆನ್ನಾಗಿರುವವರಿಗೂ ಬೀಗಹಾಕಿದ ತೆರೆಯ ಮೇಲೆ ತೋರುವುದು ಸಂದೇಶದ ಮೊದಲ ಕೆಲವು ಪದಗಳು ಮಾತ್ರ. ಆದ್ದರಿಂದ ಮೊದಲು ಕರೆಯುವ ಹೆಸರು, ಆಮೇಲೆ ಮಾತು, ಚಿತ್ರವಿದ್ದರೆ ಕಟ್ಟಕಡೆಗೆ.

ಸ್ಟಿಕ್ಕರುಗಳು ವಾಟ್ಸಾಪಿಗೆ ಬಂದದ್ದು 2018ರಲ್ಲಿ. ಹಿಂದಿನ ತಂತಿಯ ಸಂಖ್ಯೆಗೆ ತೀರ ಹತ್ತಿರದ ಸಂಬಂಧಿ ಇದು: ಸಿದ್ಧ ಚಿತ್ರ, ಸಿದ್ಧ ಅಕ್ಷರ, ಹೆಸರಿಗೆ ಜಾಗವಿಲ್ಲ. ಗೆಳೆಯರ ನಡುವೆ ಒಂದು ಹಳೆಯ ಹಾಸ್ಯವನ್ನು ನೆನಪಿಸುವ ಸ್ಟಿಕ್ಕರು ಬಂದರೆ ಅದಕ್ಕೆ ಬೆಲೆಯುಂಟು, ಏಕೆಂದರೆ ಅದನ್ನು ಆರಿಸಿದ್ದರಲ್ಲಿ ನೆನಪಿದೆ. ಇತರರಿಂದ ಬಂದ ಗುಲಾಬಿಯ ಚಿತ್ರವನ್ನು ಹಾಗೆಯೇ ದಾಟಿಸುವುದು ಬೇರೆ ಮಾತು. 2018ರಿಂದ ಇತ್ತ, ದಾಟಿಸಿದ ಚಿತ್ರದ ನೆತ್ತಿಯ ಮೇಲೆ ವಾಟ್ಸಾಪ್ Forwarded ಎಂದು ಬರೆದೇ ಕೊಡುತ್ತದೆ. ಇತರರಿಗೆ ಬಂದ ಉಡುಗೊರೆಯ ಚೀಟಿ ಕೀಳದೆ ಕೊಟ್ಟಂತಾಯಿತು. ಹಿರಿಯರಿಗೆ ಆ ಪದ ಓದಲು ಬಾರದೆಂದು ತಿಳಿದವರು ಮೊಮ್ಮಕ್ಕಳನ್ನು ಮರೆತಿದ್ದಾರೆ.

ಮನೆಯವರದೇ ಛಾಯಾಚಿತ್ರವನ್ನು ಕತ್ತರಿಸಿ ಸ್ಟಿಕ್ಕರು ಮಾಡುವ ಅನುಕೂಲವೂ ಈಗ ಫೋನಿನಲ್ಲಿದೆ. ತೋಟದಲ್ಲಿ ನಿಂತು ನಗುವ ಅಜ್ಜಿಯ ಚಿತ್ರ ಅಂಗಡಿಯ ಗುಲಾಬಿಗಿಂತ ನೂರು ಪಾಲು ಮೇಲು; ಅದರಲ್ಲಿ ಕಳುಹಿಸಿದವರ ಕೈಗೆಲಸ ಕಾಣುತ್ತದೆ. ಆದರೆ ಒಂದು ಎಚ್ಚರ ಬೇಕು. ಸ್ಟಿಕ್ಕರನ್ನು ಪಡೆದ ಯಾರು ಬೇಕಾದರೂ ಅದನ್ನು ತಮ್ಮ ಸಂಗ್ರಹಕ್ಕೆ ಸೇರಿಸಿಕೊಂಡು ಇನ್ನೊಂದು ಬಳಗಕ್ಕೆ ಕಳುಹಿಸಬಲ್ಲರು. ಇಂದು ಪ್ರೀತಿಯಿಂದ ಮಾಡಿದ ಮುಖ ನಾಳೆ ಗುರುತಿಲ್ಲದವರ ನಗೆಮಾತಿಗೆ ಗುರಿಯಾದರೆ ಹಿಂದಕ್ಕೆ ಕರೆಯುವ ದಾರಿಯಿಲ್ಲ. ಆಕೆಯ ಒಪ್ಪಿಗೆ ಕೇಳಿ ಮಾಡುವುದು, ನಗೆಪಾಟಲಾಗುವ ಭಂಗಿಯನ್ನು ಬಿಡುವುದು, ಬಳಗಕ್ಕಲ್ಲದೆ ಆಕೆಯೊಬ್ಬರಿಗೇ ಕಳುಹಿಸುವುದು. ಇಷ್ಟು ಮಾಡಿದರೆ ಸಾಕು.

ಎಲ್ಲರಿಗೂ ನಾಲ್ಕು ಸಾಲು ಬರೆಯಲು ಪುರಸೊತ್ತಿಲ್ಲ ಎಂಬುದು ನಿಜ. ದೂರದ ಪರಿಚಯದವರಿಗೆ, ಕಚೇರಿಯ ಮೇಲಧಿಕಾರಿಗೆ ಒಂದು ಸಾಲು, ಅದರಲ್ಲೊಂದು ಕ್ರಿಯಾಪದ ಇದ್ದರೆ ಮರ್ಯಾದೆಗೆ ಕೊರತೆಯಿಲ್ಲ: ‘ತಮಗೆ ಆಯುರಾರೋಗ್ಯ ದೊರೆಯಲೆಂದು ಹಾರೈಸುತ್ತೇನೆ.’ ಹತ್ತಿರದವರು ವರ್ಷಕ್ಕೆ ಎಷ್ಟು ಜನ? ಹತ್ತೋ ಹನ್ನೆರಡೋ. ಅವರಲ್ಲಿ ಒಬ್ಬೊಬ್ಬರಿಗೂ, ಬೇರೆ ಯಾರಿಗೂ ಕಳುಹಿಸಲು ಬಾರದಂಥ ಒಂದು ವಾಕ್ಯವನ್ನು ಹುಡುಕುವುದಕ್ಕೆ ಐದು ನಿಮಿಷ ಹಿಡಿಯಬಹುದು. ಭರಣಿಯ ಮಾತೋ, ಕೊಳೆಯ ಮಾತೋ, ರಜೆಯಲ್ಲಿ ಬರುವ ಮಾತೋ ಆ ಐದು ನಿಮಿಷದಲ್ಲಿ ಸಿಕ್ಕಿಯೇ ಸಿಕ್ಕುತ್ತದೆ. ಮಳೆ ಬಿಟ್ಟ ಸಂಜೆ ಜಗಲಿಯ ಮೂಲೆಯಲ್ಲಿ ನಿಂತು, ಸುರಿದ ಮೂವತ್ತು ಸಂದೇಶಗಳಲ್ಲಿ ದೊಡ್ಡಮ್ಮ ಎರಡನೆಯ ಸಲ ತೆರೆದು ಓದುವುದು ಅದನ್ನೇ.